ಮೊದಲು ಆರು ಸ್ಯಾಂಪಲ್, ಆಮೇಲೆ ಪ್ರಪೋಸಲ್

"ಈಗಷ್ಟೇ ಸ್ವಂತ ಲ್ಯಾಬ್ ಶುರು ಮಾಡಿದ್ದೇನೆ. ಬೇರೆ ಸಂಸ್ಥೆಯವರ ಜೊತೆ ಸೇರಿ ಗ್ರಾಂಟ್‌ಗೆ ಅರ್ಜಿ ಹಾಕಬೇಕು. ಪರಿಚಯವೇ ಇಲ್ಲದವರನ್ನು ಹೇಗೆ ಒಪ್ಪಿಸೋದು?"

ಪ್ರಪೋಸಲ್ ಹಿಡಿದುಕೊಂಡು ಹೋಗಬೇಡಿ. ಕೊನೆ ದಿನಕ್ಕೆ ಮೂರು ವಾರ ಇದ್ದಾಗ ಅಪರಿಚಿತರೊಬ್ಬರು 'ಕೋ-ಪಿಐ ಆಗ್ತೀರಾ' ಅಂತ ಮೇಲ್ ಹಾಕಿದರೆ ನೀವಾದರೂ ಒಪ್ಪುತ್ತೀರಾ? ಮೊದಲು ಒಂದು ಸಣ್ಣ ಕೆಲಸ ಒಟ್ಟಿಗೆ ಮಾಡಿ.

ನನ್ನದು ಸೋಡಿಯಂ ಬ್ಯಾಟರಿಯ ಕ್ಯಾಥೋಡ್ ಪುಡಿ ಮಾಡುವ ಕೆಲಸ. ಪುಡಿಗೆ ತೆಳುವಾದ ಲೇಪನ ಹಾಕಿದ್ದೆ. ಅದು ನಿಜಕ್ಕೂ ಕೂತಿದೆಯಾ ಅಂತ ನೋಡಲು ಎಕ್ಸ್‌ಪಿಎಸ್ ಬೇಕಿತ್ತು, ಅಂದರೆ ಎಕ್ಸ್-ರೇ ಬಿಟ್ಟು ಮೇಲ್ಮೈಯಲ್ಲಿ ಏನಿದೆ ಅಂತ ತೋರಿಸುವ ಮೆಷಿನ್. ಅದು ನಮ್ಮಲ್ಲಿ ಇರಲಿಲ್ಲ. ಇನ್ನೊಂದು ಸಂಸ್ಥೆಯ ಮೇಡಂ ಒಬ್ಬರ ಪೇಪರ್ ಓದಿ ಐದು ಸಾಲಿನ ಮೇಲ್ ಹಾಕಿದೆ. ಅವರ ಒಂದು ಗ್ರಾಫ್ ಹೆಸರಿಸಿ, 'ಇದೇ ಪುಡಿ ಲೇಪನದ ಜೊತೆ ನನ್ನ ಹತ್ತಿರ ಇದೆ, ಆರು ಸ್ಯಾಂಪಲ್ ಕಳಿಸಲಾ?' ಅಂತ ಕೇಳಿದೆ, ಅಷ್ಟೇ. ಹೊಗಳಿಕೆ ಇಲ್ಲ, ಸಿವಿ ಇಲ್ಲ. ಒಪ್ಪಿದರು.

ಮೊದಲ ಪಾರ್ಸೆಲ್ ಹಾಳಾಯಿತು. ಮಾಮೂಲಿ ಶೀಶೆಯಲ್ಲಿ ಹಾಕಿ ಕಳಿಸಿದ್ದೆ. ಈ ಪುಡಿ ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಹೀರಿ ಮೈಮೇಲೆ ಸೋಡಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ. ಎಕ್ಸ್‌ಪಿಎಸ್ ನೋಡುವುದೇ ಮೇಲಿನ ಕೆಲವು ನ್ಯಾನೋಮೀಟರ್. ಆರರಲ್ಲೂ 290 ಇವಿ ಹತ್ತಿರ ಅದೇ ದಪ್ಪ ಕಾರ್ಬೊನೇಟ್ ಪೀಕ್. ಲೇಪನ ಇದ್ದದ್ದು, ಇಲ್ಲದ್ದು ಗೊತ್ತೇ ಆಗಲಿಲ್ಲ. ಮೇಡಂ ರಿಪೋರ್ಟ್ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಫೋನ್ ಮಾಡಿ, 'ಗ್ಲೋವ್ ಬಾಕ್ಸ್ ಒಳಗೇ ಸೀಲ್ ಮಾಡಿದ್ರಾ?' ಅಂತ ಕೇಳಿದರು. ಇವರ ಜೊತೆ ಮೂರು ವರ್ಷ ಕೆಲಸ ಮಾಡಬಹುದು ಅಂತ ನನಗೆ ಅನ್ನಿಸಿದ್ದು ಆಗಲೇ. ಎರಡನೇ ಸಲ ಆರ್ಗಾನ್ ತುಂಬಿ ಡಬಲ್ ಸೀಲ್ ಮಾಡಿ ಕಳಿಸಿದೆ, ವ್ಯತ್ಯಾಸ ಕಂಡಿತು. ಆ ಗ್ರಾಫೇ ಮುಂದೆ ಪ್ರಪೋಸಲ್‌ನ ಮೊದಲ ಚಿತ್ರ.

ಆದರೂ ಮೊದಲ ಅರ್ಜಿ ಬಿದ್ದುಹೋಯಿತು. ನನ್ನ ಲೇಪನ ಗೆದ್ದರೆ ಮಾತ್ರ ಅವರಿಗೆ ಕೆಲಸ ಅನ್ನೋ ಹಾಗೆ ಬರೆದಿದ್ದೆ, ರಿವ್ಯೂವರ್ ಅಲ್ಲೇ ಹಿಡಿದರು. ಮುಂದಿನ ಸಲ ಅವರ ಭಾಗವನ್ನು ಲೇಪನ ಇಲ್ಲದ ಪುಡಿಯಿಂದಲೇ ಶುರು ಮಾಡಿಸಿದೆ: ಗಾಳಿಯಲ್ಲಿ ಎಷ್ಟು ಗಂಟೆಗೆ ಎಷ್ಟು ಕೆಡುತ್ತದೆ ಅಂತ. ನನ್ನ ಲೇಪನ ಸೋತರೂ ಅವರಿಗೆ ಒಂದು ಪೇಪರ್ ಉಳಿಯುತ್ತದೆ.

ದುಡ್ಡಿನ ಮಾತನ್ನು ಸಂಕೋಚಪಟ್ಟು ಮುಂದೂಡಬೇಡಿ. ಮೊದಲ ಅರ್ಜಿಯಲ್ಲಿ ಅವರ ಮೆಷಿನ್ ಸಮಯವನ್ನು ಸುಮ್ನೆ 'ಸಹಕಾರ' ಅಂತ ಬರೆದಿದ್ದೆ. ಎರಡನೆಯದರಲ್ಲಿ ಮೆಷಿನ್ ಬಾಡಿಗೆ, ಒಬ್ಬ ವಿದ್ಯಾರ್ಥಿಯ ಸಂಬಳ ಅವರ ಬಜೆಟ್‌ಗೇ ಹಾಕಿದೆ. ಯಾವ ಪೇಪರ್‌ಗೆ ಯಾರ ವಿದ್ಯಾರ್ಥಿ ಮೊದಲ ಲೇಖಕ ಅನ್ನೋದನ್ನೂ ಒಂದು ಮೇಲ್‌ನಲ್ಲಿ ಬರೆದಿಟ್ಟುಕೊಂಡೆವು.

ಇನ್ನು ಸಹಿ. ಬಜೆಟ್‌ಗೆ ಅವರ ಸಂಸ್ಥೆಯ ಆಫೀಸೂ ಸಹಿ ಹಾಕಬೇಕಾಗಬಹುದು, ಅವರ ಒಳಗಿನ ಗಡುವು ಫಂಡಿಂಗ್ ಸಂಸ್ಥೆಯ ಗಡುವಿಗಿಂತ ಮುಂಚೆಯೇ ಇರಬಹುದು. ಬರೆಯಲು ಕೂರುವ ಮೊದಲೇ ಆ ತಾರೀಕು ಕೇಳಿಕೊಳ್ಳಿ.