ಮೂರು ಬಗೆಯ ಬರ: ಯಾವ ಮಾನದಂಡ ಯಾವುದನ್ನು ತೋರಿಸುತ್ತದೆ?

ಪ್ರಶ್ನೆ: ವಿಕೋಪ ನಿರ್ವಹಣೆಯ ಪರೀಕ್ಷೆಗೆ ಓದುತ್ತಿದ್ದೇನೆ. ಹವಾಮಾನ ಬರ, ಕೃಷಿ ಬರ, ಜಲ ಬರ ಎಂಬ ಮೂರೂ ಕಡೆಗೆ ಮಳೆ ಕೊರತೆಯೇ ಅಲ್ಲವೇ? ಪ್ರತಿಯೊಂದಕ್ಕೂ ಬೇರೆ ಬೇರೆ ಸೂಚ್ಯಂಕ ಏಕೆ ಬೇಕು, ಅವುಗಳನ್ನು ಗೊಂದಲವಿಲ್ಲದೆ ನೆನಪಿಡುವುದು ಹೇಗೆ?
— ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೂಲ ಕಾರಣ ಒಂದೇ ಎಂಬುದು ನಿಜ. ಆದರೆ ಕೊರತೆಯನ್ನು ನಾವು ಎಲ್ಲಿ ನಿಂತು ಅಳೆಯುತ್ತೇವೆ ಎಂಬುದು ಬೇರೆ ಬೇರೆ. ಆಕಾಶದಿಂದ ಬೀಳುವ ನೀರು ಕಡಿಮೆಯಾದರೆ ಹವಾಮಾನ ಬರ, ಬೆಳೆಯ ಬೇರಿಗೆ ಸಿಗುವ ತೇವ ಕಡಿಮೆಯಾದರೆ ಕೃಷಿ ಬರ, ಹೊಳೆ, ಕೆರೆ, ಜಲಾಶಯ ಮತ್ತು ಅಂತರ್ಜಲದ ಸಂಗ್ರಹ ಕಡಿಮೆಯಾದರೆ ಜಲ ಬರ. ಕೊರತೆಯು ಮೊದಲ ನೆಲೆಯಿಂದ ಮೂರನೆಯದಕ್ಕೆ ಇಳಿಯಲು ವಾರಗಳಿಂದ ತಿಂಗಳುಗಳವರೆಗೆ ಹಿಡಿಯುತ್ತದೆ, ಮತ್ತು ಪ್ರತಿ ನೆಲೆಯಲ್ಲೂ ಅದು ಸ್ವಲ್ಪ ರೂಪ ಬದಲಿಸುತ್ತದೆ. ಈ ಇಳಿಕೆಯನ್ನು ಕರ್ನಾಟಕದ 2023ರ ಮುಂಗಾರಿನಲ್ಲಿ ಹಿಂಬಾಲಿಸಿದರೆ ಸೂಚ್ಯಂಕಗಳನ್ನು ಬಾಯಿಪಾಠ ಮಾಡುವ ಅಗತ್ಯ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಆ ವರ್ಷ ಜೂನ್‌ನಲ್ಲಿ ರಾಜ್ಯದ ಮಳೆ ವಾಡಿಕೆಗಿಂತ ಶೇ 56ರಷ್ಟು ಕಡಿಮೆಯಾಯಿತು. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಮಳೆ ಸುರಿಯಿತು, ಆಗಸ್ಟ್‌ನಲ್ಲಿ ಮತ್ತೆ ಸುಮಾರು ಶೇ 73ರ ಕೊರತೆ ಉಂಟಾಯಿತು. ಜುಲೈ ಕೊನೆಯಲ್ಲಿ ಎರಡು ತಿಂಗಳ ಒಟ್ಟು ಮಳೆಯನ್ನು ಲೆಕ್ಕ ಹಾಕಿದವರಿಗೆ ಬಹುತೇಕ ವಾಡಿಕೆಯ ಚಿತ್ರವೇ ಕಾಣಿಸಿತು. ನಾಲ್ಕು ತಿಂಗಳ ಮುಂಗಾರು ಮುಗಿದಾಗ ಸುಮಾರು 852 ಮಿಲಿಮೀಟರ್ ಬರಬೇಕಾದಲ್ಲಿ 642 ಮಿಲಿಮೀಟರ್ ಬಂದಿತ್ತು, ಅಂದರೆ ಶೇ 25ರ ಕೊರತೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಶೇ 19ರವರೆಗಿನ ಏರುಪೇರು ವಾಡಿಕೆಯೆಂದೂ, ಶೇ 20ರಿಂದ 59ರ ಕೊರತೆ ‘ಕೊರತೆ’ಯೆಂದೂ, ಶೇ 60ರಿಂದ 99ರವರೆಗಿನದು ‘ಭಾರಿ ಕೊರತೆ’ಯೆಂದೂ ಪರಿಗಣಿತವಾಗುವುದರಿಂದ ರಾಜ್ಯ ಒಟ್ಟಾರೆಯಾಗಿ ‘ಕೊರತೆ’ಯ ಸಾಲಿಗೆ ಬಿತ್ತು.

ಶೇಕಡಾ ವ್ಯತ್ಯಾಸ ಎಂಬ ಈ ಅಳತೆ ಸರಳವಾದದ್ದು, ಆದರೆ ಅದಕ್ಕೊಂದು ದೋಷವಿದೆ. ವರ್ಷದಿಂದ ವರ್ಷಕ್ಕೆ ಮಳೆ ಶೇ 15ರಷ್ಟು ಮಾತ್ರ ಏರಿಳಿಯುವ ಕರಾವಳಿಯ ತಾಲ್ಲೂಕಿನಲ್ಲಿ ಶೇ 25ರ ಕೊರತೆ ಅಪರೂಪದ ಸಂಗತಿ. ಶೇ 35ರಷ್ಟು ಏರಿಳಿಯುವ ಬಯಲುಸೀಮೆಯ ತಾಲ್ಲೂಕಿನಲ್ಲಿ ಅದೇ ಶೇ 25 ಆಗಾಗ ನಡೆಯುವಂಥದ್ದು. ಈ ಅನ್ಯಾಯವನ್ನು ಸರಿಪಡಿಸಲು 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೆಕ್ಕೀ ಮತ್ತು ಸಂಗಡಿಗರು ರೂಪಿಸಿದ್ದು ಪ್ರಮಾಣೀಕೃತ ಮಳೆ ಸೂಚ್ಯಂಕ, ಅಂದರೆ ಎಸ್‌ಪಿಐ. ಅಲ್ಲಿಯದೇ ಹಲವು ದಶಕಗಳ ಮಳೆಯ ದಾಖಲೆಗೆ ಗಾಮಾ ವಿತರಣೆಯನ್ನು ಹೊಂದಿಸಿ, ಅದನ್ನು ಸಾಮಾನ್ಯ ವಿತರಣೆಗೆ ಪರಿವರ್ತಿಸಿ, ಈ ವರ್ಷದ ಮಳೆ ಸರಾಸರಿಯಿಂದ ಎಷ್ಟು ಪ್ರಮಾಣ ವಿಚಲನೆಯಷ್ಟು ದೂರವಿದೆ ಎಂದು ಅದು ಹೇಳುತ್ತದೆ. ಗಾಮಾ ಲೆಕ್ಕವನ್ನು ಬದಿಗಿಟ್ಟು ಸ್ಥೂಲವಾಗಿ ಭಾಗಿಸಿದರೆ ಮೇಲಿನ ಕರಾವಳಿಯ ತಾಲ್ಲೂಕಿಗೆ ಮೈನಸ್ 1.7, ಬಯಲುಸೀಮೆಯದಕ್ಕೆ ಮೈನಸ್ 0.7 ಬರುತ್ತದೆ. ಮೈನಸ್ 1ರಿಂದ 1.49 ಸಾಧಾರಣ, 1.5ರಿಂದ 1.99 ತೀವ್ರ, ಮೈನಸ್ 2 ಮತ್ತು ಅದಕ್ಕಿಂತ ಕೆಳಗೆ ಅತಿ ತೀವ್ರ ಎಂಬುದು ಇದರ ಮಾಪನ. ಹೀಗೆ ಶೇಕಡಾವಾರು ಸಮನಾಗಿದ್ದರೂ ಒಂದು ಕಡೆ ತೀವ್ರ ಹವಾಮಾನ ಬರ, ಇನ್ನೊಂದು ಕಡೆ ಬರದ ಗೆರೆಯನ್ನೇ ದಾಟದ ಸ್ಥಿತಿ.

ಭಾರತ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆ ವ್ಯತ್ಯಾಸ ಅಥವಾ ಎಸ್‌ಪಿಐ ಜೊತೆಗೆ ಡ್ರೈ ಸ್ಪೆಲ್ ಎಂಬ ಮಳೆ ಬಿಡುವನ್ನೂ ಕಡ್ಡಾಯ ಮಾನದಂಡವಾಗಿಸಿದೆ. ಮುಂಗಾರು ಆರಂಭದ ವಾಡಿಕೆ ದಿನಾಂಕದ ನಂತರ ಸತತ ಮೂರು–ನಾಲ್ಕು ವಾರಗಳ ಕಾಲ ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಬಂದರೆ ಅದು ಡ್ರೈ ಸ್ಪೆಲ್. ಇಲ್ಲಿ ‘ಸತತ’ ಎಂಬ ಪದದ ಮೇಲೆಯೇ ಎಲ್ಲ ನಿಂತಿದೆ. ಉದಾಹರಣೆಗೆ ವಾರಕ್ಕೆ 22 ಮಿಲಿಮೀಟರ್ ವಾಡಿಕೆ ಮಳೆಯಿರುವ ಒಂದು ತಾಲ್ಲೂಕನ್ನು ಕಲ್ಪಿಸಿಕೊಳ್ಳಿ. ನಾಲ್ಕು ವಾರಗಳಲ್ಲಿ 6, 9, 3, 14 ಮಿಲಿಮೀಟರ್ ಬಿದ್ದರೆ ಮೊದಲ ಮೂರು ವಾರಗಳೂ 11ಕ್ಕಿಂತ ಕೆಳಗಿರುವುದರಿಂದ ಡ್ರೈ ಸ್ಪೆಲ್ ಆಯಿತು. ಅದೇ 32 ಮಿಲಿಮೀಟರ್ 6, 18, 3, 5 ಎಂದು ಬಿದ್ದಿದ್ದರೆ ಎರಡನೆಯ ವಾರ ಸರಪಳಿಯನ್ನು ಕಡಿಯುತ್ತದೆ, ಡ್ರೈ ಸ್ಪೆಲ್ ಇಲ್ಲ. ತಿಂಗಳ ಒಟ್ಟು ಕೊರತೆ ಎರಡರಲ್ಲೂ ಶೇ 64. ಒಟ್ಟು ಮಳೆ ವಾಡಿಕೆಯಷ್ಟೇ ಇದ್ದರೂ ಡ್ರೈ ಸ್ಪೆಲ್ ಇದ್ದರೆ ಬರದ ಪರಿಶೀಲನೆ ಆರಂಭವಾಗುತ್ತದೆ ಎಂದು ಕೈಪಿಡಿ ಹೇಳುವುದರ ಹಿಂದಿನ ತರ್ಕ ಇದೇ. 2023ರ ಜುಲೈನ ಹೆಚ್ಚುವರಿ ಮಳೆ ಸರಾಸರಿಯನ್ನು ಸರಿದೂಗಿಸಿತು, ಆದರೆ ಆಗಸ್ಟ್‌ನ ಬೆಳೆಗೆ ಅದು ನೀರಾಗಲಿಲ್ಲ.

ಡ್ರೈ ಸ್ಪೆಲ್ ಎಂಬುದು ಹವಾಮಾನ ಬರದಿಂದ ಕೃಷಿ ಬರಕ್ಕೆ ದಾಟುವ ಹೊಸ್ತಿಲು. ತೆಳುವಾದ ಕೆಂಪು ಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡಲಾರದು, ಆಳವಾದ ಕಪ್ಪು ಮಣ್ಣು ಅದಕ್ಕಿಂತ ಹೆಚ್ಚು ತಾಳುತ್ತದೆ. ಅದರ ಮೇಲೆ ಬೆಳೆಯ ಹಂತವೂ ಮುಖ್ಯ. ಶೇಂಗಾದಲ್ಲಿ ಹೂವಿನಿಂದ ಹೊರಟ ಎಳೆ ಮಣ್ಣಿಗೆ ಇಳಿದು ಕಾಯಿ ಕಟ್ಟಬೇಕಾದ ಸಮಯಕ್ಕೆ ಮೇಲ್ಪದರ ಗಟ್ಟಿಯಾಗಿಬಿಟ್ಟರೆ ಆ ಎಳೆ ಒಳಹೊಗುವುದೇ ಇಲ್ಲ. ನಂತರ ಮಳೆ ಬಂದರೂ ಗಿಡ ಹಸಿರಾಗಿ ನಿಲ್ಲುತ್ತದೆಯೇ ಹೊರತು ಕಾಯಿ ಸಿಗುವುದಿಲ್ಲ. ಹೀಗಾಗಿ ಕೃಷಿ ಬರವನ್ನು ಮಳೆಮಾಪಕದಿಂದಲ್ಲ, ಮಣ್ಣಿನಿಂದ ಮತ್ತು ಬೆಳೆಯಿಂದ ಅಳೆಯಬೇಕು.

ಮಣ್ಣಿನ ಕಡೆಯಿಂದ ಬಳಸುವ ಅಳತೆಗಳಲ್ಲಿ ತೇವ ಪರ್ಯಾಪ್ತತೆ ಸೂಚ್ಯಂಕ ಮುಖ್ಯವಾದದ್ದು. ಬೆಳೆಯಿರುವ ಭೂಮಿಯಿಂದ ವಾಸ್ತವವಾಗಿ ಆವಿಯಾದ ನೀರನ್ನು, ಯಥೇಚ್ಛ ತೇವವಿದ್ದಿದ್ದರೆ ಆವಿಯಾಗಬಹುದಾಗಿದ್ದ ನೀರಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದು ದೊರೆಯುತ್ತದೆ. ನಮ್ಮ ಕಲ್ಪಿತ ತಾಲ್ಲೂಕಿನಲ್ಲಿ ಒಂದು ವಾರದ ಬೇಡಿಕೆ 35 ಮಿಲಿಮೀಟರ್, ವಾಸ್ತವ ಆವಿ 12 ಮಿಲಿಮೀಟರ್ ಎಂದಾದರೆ ಸೂಚ್ಯಂಕ ಸುಮಾರು 34. ಇದು 76 ಅಥವಾ ಅದಕ್ಕಿಂತ ಮೇಲಿದ್ದರೆ ಬರವಿಲ್ಲ, 51ರಿಂದ 75 ಅಲ್ಪ, 26ರಿಂದ 50 ಸಾಧಾರಣ, 25 ಮತ್ತು ಅದಕ್ಕಿಂತ ಕಡಿಮೆ ತೀವ್ರ. ಆದ್ದರಿಂದ ಈ ತಾಲ್ಲೂಕಿನದು ಸಾಧಾರಣ ಕೃಷಿ ಬರ.

ಬೆಳೆಯ ಕಡೆಯಿಂದ ನೋಡಲು ಉಪಗ್ರಹ ನೆರವಾಗುತ್ತದೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು ಸಮೀಪ ಅವಕೆಂಪು ಕಿರಣಗಳನ್ನು ಪ್ರತಿಫಲಿಸುವ ಗುಣವನ್ನು ಆಧರಿಸಿದ್ದು ಎನ್‌ಡಿವಿಐ ಎಂಬ ಹಸಿರಿನ ಸೂಚ್ಯಂಕ. ಈ ಬೆಲೆಯನ್ನು ಅದೇ ಸ್ಥಳದ, ಅದೇ ಅವಧಿಯ ಹಿಂದಿನ ವರ್ಷಗಳ ಕನಿಷ್ಠ ಮತ್ತು ಗರಿಷ್ಠಗಳ ನಡುವೆ ಇಟ್ಟು ನೋಡಿದರೆ ಸಸ್ಯ ಸ್ಥಿತಿ ಸೂಚ್ಯಂಕ, ಅಂದರೆ ವಿಸಿಐ. ಹಿಂದಿನ ಕನಿಷ್ಠ 0.28, ಗರಿಷ್ಠ 0.62 ಇದ್ದು ಈಗಿನ ಬೆಲೆ 0.34 ಆದರೆ, 0.06ನ್ನು 0.34ರಿಂದ ಭಾಗಿಸಿದಾಗ ಸುಮಾರು ಶೇ 18 ಬರುತ್ತದೆ. ಶೇ 40ಕ್ಕಿಂತ ಕಡಿಮೆಯಿರುವುದರಿಂದ ಸ್ಥಿತಿ ಕಳಪೆ. ಆದರೆ ಉಪಗ್ರಹಕ್ಕೆ ಬೆಳೆ ಯಾವುದು, ಕಳೆ ಯಾವುದು ಎಂಬುದು ಸುಲಭವಾಗಿ ತಿಳಿಯದು. ಸೆಪ್ಟೆಂಬರ್‌ನ ತುಂತುರು ಮಳೆಗೆ ಕಳೆ ಚಿಗುರಿ ಬೆಲೆ 0.48ಕ್ಕೆ ಏರಿದರೆ ವಿಸಿಐ ಸುಮಾರು ಶೇ 59ಕ್ಕೆ ಜಿಗಿದು ಸ್ಥಿತಿ ಪರವಾಗಿಲ್ಲ ಎಂದುಬಿಡುತ್ತದೆ, ಹೊಲದಲ್ಲಿ ಮಾತ್ರ ಇಳುವರಿ ಇರುವುದಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರದ ಅಧ್ಯಯನ ತಂಡದ ಮುಂದೆ ‘ಹಸಿರು ಬರ’ ಎಂಬ ಮಾತನ್ನು ಬಳಸಿದ್ದು ಇದೇ ಪರಿಸ್ಥಿತಿಯನ್ನು ವಿವರಿಸಲು. ಬಿತ್ತನೆ ಪ್ರದೇಶ, ದೂರಸಂವೇದಿ ಸೂಚ್ಯಂಕ, ಮಣ್ಣಿನ ತೇವ, ಜಲ ಸೂಚ್ಯಂಕ ಎಂಬ ನಾಲ್ಕು ಬಗೆಯ ಪರಿಣಾಮ ಮಾನದಂಡಗಳಲ್ಲಿ ಮೂರನ್ನು ಆರಿಸಿಕೊಳ್ಳುವಂತೆ ಹೇಳುವ ಕೈಪಿಡಿ, ಕೊನೆಗೆ ಶೇ 10ರಷ್ಟು ಗ್ರಾಮಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲಿಸಬೇಕೆಂದು ಕಡ್ಡಾಯ ಮಾಡಿರುವುದು ಈ ಕಾರಣಕ್ಕೇ. ನನ್ನ ದೃಷ್ಟಿಯಲ್ಲಿ ಪರೀಕ್ಷಾರ್ಥಿಗಳು ಹೆಚ್ಚಾಗಿ ಮರೆಯುವ ಅಂಶವೂ ಈ ಸ್ಥಳ ಪರಿಶೀಲನೆಯೇ. ಸೆಪ್ಟೆಂಬರ್ 13ರಂದು ಮೊದಲ ಸುತ್ತಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮುಂದೆ ಆ ಸಂಖ್ಯೆ ಒಟ್ಟು 236 ತಾಲ್ಲೂಕುಗಳ ಪೈಕಿ 223ಕ್ಕೆ ಏರಿತು.

ಜಲ ಬರ ಕಣ್ಣಿಗೆ ಬಿದ್ದದ್ದು ಅದಕ್ಕೂ ನಂತರ, 2024ರ ಬೇಸಿಗೆಯಲ್ಲಿ. ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ತಿಳಿಸಿತು. ಕೊರತೆಯ ಮಳೆಗೂ ಈ ಬತ್ತುವಿಕೆಗೂ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರವಿದೆ. ಇಲ್ಲಿ ಬಳಕೆಯಾಗುವ ಅಳತೆಗಳು ಜಲಾಶಯದ ಈಗಿನ ಸಂಗ್ರಹವನ್ನು ಅದೇ ಅವಧಿಯ ಹಲವು ವರ್ಷಗಳ ಸಂಗ್ರಹದೊಡನೆ ಹೋಲಿಸುವ ಸೂಚ್ಯಂಕ, ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಆಧರಿಸಿದ ಅಂತರ್ಜಲ ಬರ ಸೂಚ್ಯಂಕ, ಮತ್ತು ಹೊಳೆಯ ಹರಿವಿನ ಸೂಚ್ಯಂಕ. ಎಸ್‌ಪಿಐಯನ್ನೇ 12 ತಿಂಗಳ ಅವಧಿಗೆ ಲೆಕ್ಕ ಹಾಕಿದರೂ ಈ ನಿಧಾನಗತಿಯ ಕೊರತೆಯ ಸುಳಿವು ಸಿಗುತ್ತದೆ; ಒಂದು ತಿಂಗಳ ಎಸ್‌ಪಿಐ ಹವಾಮಾನ ಬರಕ್ಕೆ, ಮೂರು ತಿಂಗಳದ್ದು ಬೆಳೆಗೆ ಹತ್ತಿರ ಎಂದು ಸ್ಥೂಲವಾಗಿ ನೆನಪಿಡಬಹುದು.

ಈ ಮೂರು ಜಲ ಅಳತೆಗಳನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಜಲಾಶಯದ ನೀರು ಬರುವುದು ಬೇರೆ ಕಡೆಯಿಂದ. ಕೃಷ್ಣರಾಜಸಾಗರದ ಮಟ್ಟ ಕೊಡಗಿನ ಮಳೆಯನ್ನು ಅವಲಂಬಿಸಿರುತ್ತದೆಯೇ ಹೊರತು ಮಂಡ್ಯದ ಮಳೆಯನ್ನಲ್ಲ. ಹೀಗಾಗಿ ಜಲಾಶಯ ತುಂಬಿದ್ದೂ ಕೆಳಗಿನ ಮಳೆಯಾಶ್ರಿತ ತಾಲ್ಲೂಕಿನಲ್ಲಿ ಕೃಷಿ ಬರವಿರಬಹುದು, ಇದರ ವಿರುದ್ಧವೂ ನಡೆಯಬಹುದು. ಅಣೆಕಟ್ಟಿನ ಕೆಳಗಿನ ಹರಿವು ಗೇಟು ತೆರೆದವರ ನಿರ್ಧಾರವಾದ್ದರಿಂದ ಹರಿವಿನ ಸೂಚ್ಯಂಕಕ್ಕೆ ಒಳಹರಿವನ್ನೇ ತೆಗೆದುಕೊಳ್ಳಬೇಕು. ಎರಡನೆಯದು, ಬೆಂಗಳೂರಿನ ಪ್ರಸಂಗವನ್ನು ಪೂರ್ತಿಯಾಗಿ ಜಲ ಬರದ ಖಾತೆಗೆ ಹಾಕುವಂತಿಲ್ಲ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಇರುವ ಸ್ವಲ್ಪ ನೀರನ್ನು ಮರುಪೂರಣಕ್ಕಿಂತ ವೇಗವಾಗಿ ಎತ್ತುತ್ತಾ ಬಂದಿದ್ದರೆ ಬಾವಿ ಬತ್ತಲು ಒಂದು ಕೆಟ್ಟ ಮುಂಗಾರು ನೆಪ ಮಾತ್ರ. ಅಂಥದ್ದನ್ನು ನೀರಿನ ಅಭಾವವೆಂದು ಬೇರೆಯಾಗಿ ಗುರುತಿಸಬೇಕು. ಉತ್ತಮ ಮಳೆಯ ವರ್ಷಗಳಲ್ಲೂ ಬಾವಿಯ ಮಟ್ಟ ಸತತವಾಗಿ ಇಳಿಯುತ್ತಿದೆಯೇ ಎಂದು ದಾಖಲೆ ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುತ್ತದೆ.

ಬರ ಬಿಡುವ ಕ್ರಮವೂ ಪ್ರಶ್ನೆಯಾಗಿ ಬರಬಹುದು. ಉತ್ತಮ ಮಳೆ ಸುರಿದ ಒಡನೆ ಹವಾಮಾನ ಬರ ಮುಗಿಯುತ್ತದೆ, ಮೇಲ್ಮಣ್ಣು ಕೆಲವು ದಿನಗಳಲ್ಲಿ ನೆನೆಯುತ್ತದೆ, ಆದರೆ ಹಾಳಾದ ಬೆಳೆ ಮರಳುವುದಿಲ್ಲ. 2024ರ ಮುಂಗಾರಿನಲ್ಲಿ ಕೃಷ್ಣರಾಜಸಾಗರ ಜುಲೈನಲ್ಲೇ ತುಂಬಿ 124.80 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಿತು. ಆಳದ ಕೊಳವೆಬಾವಿಯ ಬಿರುಕುಗಳಿಗೆ ನೀರು ಇಳಿಯಲು ಅದಕ್ಕಿಂತ ಬಹಳ ಹೆಚ್ಚಿನ ಸಮಯ ಹಿಡಿಯುತ್ತದೆ. ಆದ್ದರಿಂದ ‘ಬರ ಮುಗಿಯಿತೇ’ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಯಾವ ಸಂಗ್ರಹದ ಬಗ್ಗೆ ಮಾತನಾಡುತ್ತಿದ್ದೀರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಸ್ಪಷ್ಟಪಡಿಸಿ, ಅದಕ್ಕೆ ಹೊಂದುವ ಸೂಚ್ಯಂಕವನ್ನು ಅದರ ಅವಧಿಯೊಡನೆ ಹೆಸರಿಸಿ.