ಕೊನೆಯ ಅಕ್ಷರ ನೋಡಿ ದೇಶ ಹೇಳಬಹುದೇ?

*ಮಾನ್ಯ ಸಂಪಾದಕರೇ, ನಮ್ಮದು ಕಾರವಾರದ ಫರ್ನಾಂಡಿಸ್ ಮನೆತನ. ಅಜ್ಜನ ಹಳೇ ಕಾಗದಗಳಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರು ‘ಎಸ್’ ಅಕ್ಷರದಿಂದ ಮುಗಿಯುತ್ತದೆ. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ‘ಝಡ್’ ಇದೆ. ಎಸ್ ಇದ್ದರೆ ಪೋರ್ಚುಗಲ್, ಝಡ್ ಇದ್ದರೆ ಸ್ಪೇನ್ ಅಂತ ಮಗಳು ಓದಿದ್ದಾಳಂತೆ. ಹಾಗಾದರೆ ನಮ್ಮ ಮೂಲ ಯಾವ ದೇಶ?*
*— ಓದುಗರೊಬ್ಬರು, ಕಾರವಾರ*

ನಿಮ್ಮ ಮಗಳು ಓದಿದ್ದು ಪೂರ್ತಿ ಸುಳ್ಳಲ್ಲ. ಇವತ್ತು ಲಿಸ್ಬನ್ನಿನಲ್ಲಿ ಹುಟ್ಟಿದವರ ಹೆಸರಿನ ಕೊನೆಗೆ ಎಸ್ ಇರುತ್ತದೆ, ಮ್ಯಾಡ್ರಿಡ್ಡಿನವರಿಗೆ ಝಡ್. ಎರಡಕ್ಕೂ ‘ಫರ್ನಾಂಡೋನ ಮಗ’ ಅಂತಲೇ ಅರ್ಥ. ಆದರೆ ಈ ಲೆಕ್ಕ ಕಾಳಿ ನದಿಯ ದಡದಲ್ಲಿ ನಡೆಯುವುದಿಲ್ಲ. ಹಿಂದೆ ಹೋದರೆ ಪೋರ್ಚುಗಲ್ಲಿನಲ್ಲೂ ನಡೆಯುವುದಿಲ್ಲ. ಹದಿನಾರನೇ ಶತಮಾನದ ಪೋರ್ಚುಗೀಸರೇ ಇಂಥ ಹೆಸರುಗಳನ್ನು ಎಷ್ಟೋ ಸಲ ಝಡ್ ಹಾಕಿ ಬರೆಯುತ್ತಿದ್ದರು. ಅಲ್ಲಿ ಸರ್ಕಾರವೇ ಕಾಗುಣಿತ ಸುಧಾರಣೆಗೆ ಕೈಹಾಕಿದ್ದು 1911ರಲ್ಲಿ.

ಇನ್ನು ನಿಮ್ಮ ಅಜ್ಜನ ಎಸ್ ನಿಮ್ಮ ಕಾಲಕ್ಕೆ ಝಡ್ ಆಗಿದ್ದು ಹೇಗೆ? ಇದಕ್ಕೆ ಸ್ಪೇನಿನವರೆಗೆ ಹೋಗಬೇಕಾಗಿಲ್ಲ, ಶಾಲೆಯ ದಾಖಲೆ ಪುಸ್ತಕ ಸಾಕು. ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ಹೆಸರನ್ನು ಬಾಯಲ್ಲಿ ಹೇಳುತ್ತಾರೆ. ಮಾಸ್ತರರು ಕನ್ನಡದಲ್ಲಿ ‘ಫರ್ನಾಂಡಿಸ್’ ಅಂತ ಬರೆದುಕೊಳ್ಳುತ್ತಾರೆ. ಕನ್ನಡದ ಆ ‘ಸ್’ನಲ್ಲಿ ಎಸ್, ಝಡ್ ಎರಡೂ ಒಂದೇ ಆಗಿಬಿಡುತ್ತವೆ. ಹತ್ತು ವರ್ಷ ಬಿಟ್ಟು ಪರೀಕ್ಷೆಯ ಅರ್ಜಿಗೆ ಅದನ್ನೇ ಇಂಗ್ಲಿಷಿಗೆ ತಿರುಗಿಸುವಾಗ ಬರೆಯುವವರು ತಮಗೆ ರೂಢಿ ಇದ್ದ ಹಾಗೆ ಬರೆಯುತ್ತಾರೆ. ಸರ್ಟಿಫಿಕೇಟಿಗೆ ಬಂದದ್ದು ಆಮೇಲೆ ಆಧಾರಿಗೆ, ಪಾಸ್‌ಪೋರ್ಟಿಗೆ. ಹೀಗೆ ಒಂದೇ ಮನೆಯಲ್ಲಿ ಅಣ್ಣನಿಗೆ ಎಸ್, ತಮ್ಮನಿಗೆ ಝಡ್ ಆಗುತ್ತದೆ. ಅಣ್ಣ ಪೋರ್ಚುಗಲ್ಲಿನವನು, ತಮ್ಮ ಸ್ಪೇನಿನವನು ಅನ್ನೋಕಾಗುತ್ತಾ?

ಕೊನೆಯ ಅಕ್ಷರ ಬಿಡಿ, ಇಡೀ ಹೆಸರೇ ಪೋರ್ಚುಗೀಸ್ ಅಲ್ವಾ ಅಂತ ನೀವು ಕೇಳಬಹುದು. ಹೌದು, ಹೆಸರು ಪೋರ್ಚುಗೀಸ್. ಮನುಷ್ಯರು ಹಾಗಿರಬೇಕಾಗಿಲ್ಲ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಲ್ಲಿ ಕ್ರೈಸ್ತರಾದ ಕೊಂಕಣಿ ಕುಟುಂಬಗಳಿಗೆ ದೀಕ್ಷಾಸ್ನಾನದ ಹೊತ್ತಿಗೆ ಹೊಸ ಅಡ್ಡಹೆಸರು ಬಂತು. ಸಾಮಾನ್ಯವಾಗಿ ಅದು ಸ್ನಾನ ಕೊಟ್ಟ ಪಾದ್ರಿಯದ್ದು, ಇಲ್ಲವೇ ಧರ್ಮಪಿತನಾಗಿ ನಿಂತ ಪೋರ್ಚುಗೀಸನದ್ದು. ಅಂದರೆ ರಕ್ತಸಂಬಂಧ ಇಲ್ಲದವರ ಹೆಸರು. ಹಿಂದಿನ ದಿನದವರೆಗೆ ಕಾಮತ, ಪ್ರಭು, ನಾಯಕ ಆಗಿದ್ದವರು ಮರುದಿನ ಫರ್ನಾಂಡಿಸ್, ಪಿಂಟೋ ಆದರು. ಆಮೇಲೆ ಕ್ಷಾಮ, ತೆರಿಗೆ, ಮರಾಠರ ದಾಳಿ, ಇನ್‌ಕ್ವಿಸಿಷನ್ನಿನ ಭಯ ಎಂದು ಬಹಳ ಮಂದಿ ದಕ್ಷಿಣಕ್ಕೆ, ನಮ್ಮ ಕರಾವಳಿಗೆ ಇಳಿದು ಬಂದರು. ಬರುವಾಗ ಹೆಸರನ್ನೂ ತಂದರು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಕಥೆಯಿದೆ. ಘಟ್ಟ ಹತ್ತಿ ಹಳಿಯಾಳದ ಕಡೆ ಹೋಗಿ. ಅಲ್ಲಿನ ಕ್ರೈಸ್ತ ಸಿದ್ದಿಗಳಲ್ಲೂ ಪೋರ್ಚುಗೀಸ್ ಅಡ್ಡಹೆಸರುಗಳಿವೆ. ಅವರ ಹಿರಿಯರು ಆಫ್ರಿಕಾದವರು. ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಇದ್ದರು. ಲಿಸ್ಬನ್ನಿನವರು, ಕಾರವಾರದ ಕೊಂಕಣಿಗರು, ಹಳಿಯಾಳದ ಸಿದ್ದಿಗಳು: ಮೂವರಿಗೂ ಒಂದೇ ಹೆಸರು ಇರಬಹುದು, ಮೂಲ ಮಾತ್ರ ಮೂರು ಖಂಡಗಳಲ್ಲಿ. ಹೆಸರು ಹೇಳುವುದು ಇಷ್ಟೇ: ಅದನ್ನು ಮೊದಲು ದಾಖಲೆಗೆ ಬರೆದದ್ದು ಪೋರ್ಚುಗೀಸರ ಆಳ್ವಿಕೆಯಲ್ಲಿ, ಅವರ ಚರ್ಚಿನಲ್ಲಿ.

ಮದುವೆಯ ಮಾತನ್ನು ಬಿಟ್ಟರೆ ಉತ್ತರ ಅರ್ಧ ಆದೀತು. ನಿಮ್ಮ ಅಜ್ಜ-ಅಜ್ಜಿಯರ ತಂದೆತಾಯಿ ಒಟ್ಟು ಎಂಟು ಜನ. ನಿಮ್ಮ ಅಡ್ಡಹೆಸರು ಬಂದದ್ದು ಅವರಲ್ಲಿ ಒಬ್ಬರಿಂದ ಮಾತ್ರ. ಉಳಿದ ಏಳು ಜನರಲ್ಲಿ ಒಬ್ಬರು ಹೊನ್ನಾವರದವರು, ಇನ್ನೊಬ್ಬರು ಕಾಣಕೋಣದವರು ಆಗಿದ್ದರೂ ಆ ಹೆಸರಿನಲ್ಲಿ ಅದು ಕಾಣಿಸುವುದಿಲ್ಲ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ತವರಿನ ಹೆಸರು ರೇಷನ್ ಕಾರ್ಡಿನಿಂದ ಹೋಯಿತು ಅಂದರೆ ಆ ಕಡೆಯ ವಂಶವೇ ಮರೆತಂತೆ. ಮೂಲ ಹುಡುಕುವವರು ಅಪ್ಪನ ಕಡೆಯನ್ನಷ್ಟೇ ಹುಡುಕಿ ಕೈಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗಾಗಿ ಹೆಸರನ್ನು ಬಿಟ್ಟು ಊರನ್ನು ಹಿಡಿಯಿರಿ. ಅಜ್ಜ-ಅಜ್ಜಿಯರ ಮದುವೆ ಯಾವ ಚರ್ಚಿನಲ್ಲಿ, ಸುಮಾರು ಯಾವ ವರ್ಷ ಆಯಿತು ಅಂತ ಮನೆಯ ಹಿರಿಯರನ್ನು ಕೇಳಿ. ಆ ಚರ್ಚಿನ ಫಾದರ್ ಹತ್ತಿರ ಮದುವೆಯ ದಾಖಲೆಯನ್ನೇ ಮೊದಲು ಕೇಳಿ, ದೀಕ್ಷಾಸ್ನಾನದ್ದು ಆಮೇಲೆ. ಮದುವೆಯ ಪುಟದಲ್ಲಿ ಸಾಮಾನ್ಯವಾಗಿ ವಧು-ವರ ಇಬ್ಬರ ತಂದೆತಾಯಿಯ ಹೆಸರು, ಇಬ್ಬರೂ ಯಾವ ಚರ್ಚಿಗೆ ಸೇರಿದವರು ಎಂಬುದು ಇರುತ್ತದೆ. ಅಲ್ಲಿಂದ ಅವರವರ ಚರ್ಚಿಗೆ, ಇನ್ನೊಂದು ತಲೆಮಾರು ಹಿಂದಕ್ಕೆ. ಹಳೆಯ ಪುಟಗಳು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿರಬಹುದು, ಓದಲು ಫಾದರ್ ಸಹಾಯ ಬೇಕಾದೀತು. ಹುಡುಕುವಾಗ ಎಸ್, ಝಡ್ ಎರಡನ್ನೂ ನೋಡಿ. ಒಂದೇ ಕಾಗುಣಿತ ಹಿಡಿದು ಕೂತರೆ ನಿಮ್ಮ ಅಜ್ಜನೇ ತಪ್ಪಿಹೋಗಬಹುದು. ಹೆಸರು ಹೊಂದಿದರೂ ಹೆಂಡತಿಯ ಹೆಸರು, ವಾಡೆಯ ಹೆಸರು ಹೊಂದದಿದ್ದರೆ ಅವರು ಬೇರೆ ಯಾರೋ ಫರ್ನಾಂಡಿಸ್ ಅಂತಲೇ ತಿಳಿಯಿರಿ.

— ಸಂ.