ಮಾವ ಕೊಡುವ ಹಣ, ಕಾರನ್ನು ಬೇಡವೆನ್ನುವುದು

"ಭಾವಿ ಮಾವ ಮದುವೆಗೆ ಐದು ಲಕ್ಷ ರೂಪಾಯಿ, ಕಾರು ಕೊಡುತ್ತೇನೆ ಎನ್ನುತ್ತಿದ್ದಾರೆ. ನೋಯಿಸದೆ ಬೇಡವೆನ್ನುವುದು ಹೇಗೆ?"

ನಿಶ್ಚಿತಾರ್ಥಕ್ಕೆ ಮೊದಲೇ ಅವರ ಮನೆಗೆ ಹೋಗಿ, ಅತ್ತೆ–ಮಾವ ಇಬ್ಬರೇ ಇರುವಾಗ ಹೇಳಿ. ಮಂಟಪದಲ್ಲಿ ನೆಂಟರೆದುರು ಕವರು ಹಿಂತಿರುಗಿಸಿದರೆ ಅವರಿಗೆ ಅವಮಾನ. ಬರೀ "ಬೇಡ" ಎಂದರೆ ಸಂಕೋಚವೆಂದುಕೊಂಡು ಮೊತ್ತ ಏರಿಸುವವರೂ ಇದ್ದಾರೆ! ಹಾಗಾಗಿ ಅವರ ಪ್ರೀತಿಗೊಂದು ದಾರಿ ತೋರಿಸಿ: "ಮಾವ, ಹಣ, ಕಾರು ಎರಡೂ ಬೇಡ. ಕಾಶಿಯಾತ್ರೆಯ ಪಂಚೆ, ಶಲ್ಯ, ಕೊಡೆಯನ್ನು ನೀವೇ ಆರಿಸಿ ತನ್ನಿ, ಅದನ್ನೇ ಉಟ್ಟುಕೊಳ್ಳುತ್ತೇನೆ, ಹಿಡಿದುಕೊಳ್ಳುತ್ತೇನೆ."

1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಟ್ಟವರಿಗೂ ಶಿಕ್ಷೆಯಿದೆ. ಆದರೆ ಆ ಮಾತನ್ನು ಮೊದಲೇ ಎತ್ತಬೇಡಿ, ಬೆದರಿಸಿದಂತಾಗುತ್ತದೆ; ಪಟ್ಟು ಹಿಡಿದರೆ ಮಾತ್ರ ಹೇಳಿ.

ಮಗಳಿಗೆ ಹಾಕುವ ಒಡವೆಯ ವಿಚಾರ ಬೇರೆ. ಅದು ಅವಳ ಸ್ತ್ರೀಧನ. ಬೇಕೋ ಬೇಡವೋ ಅವಳೇ ಹೇಳಲಿ.